ಬೇಡ ಎನ್ನುವವರ ಬಳಿಗೆ ಮೊದಲು ಹೋಗಿ

ಬೆಳಗ್ಗೆ ಒಂಬತ್ತಕ್ಕೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಎಂದಿರುತ್ತಾರೆ. ರೋಗಿ ಆಸ್ಪತ್ರೆಯ ಗೇಟು ದಾಟುವಾಗ ಮಧ್ಯಾಹ್ನ ಮೂರಾಗಿರುತ್ತದೆ. ಡಿಸ್ಚಾರ್ಜ್ ಸಮ್ಮರಿ ಬರೆಯಬೇಕು, ಉಳಿದ ಔಷಧ ಫಾರ್ಮಸಿಗೆ ವಾಪಸಾಗಬೇಕು, ಬಿಲ್ ಆಗಬೇಕು. ಇದರಲ್ಲಿ ಅರ್ಧ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸೋಣ ಎಂದು ಒಂದು ಆಸ್ಪತ್ರೆ ಹೊರಟಿತು ಎಂದುಕೊಳ್ಳಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಮಾತ್ರ ಖಡಾಖಂಡಿತವಾಗಿ ‘ಆಗಲ್ಲ’ ಎನ್ನುತ್ತಾರೆ.

ಅವರನ್ನು ಎಲ್ಲರ ಎದುರು ಮೀಟಿಂಗಿನಲ್ಲಿ ಒಪ್ಪಿಸಲು ಹೋಗುವುದೇ ಮೊದಲ ತಪ್ಪು. ಹತ್ತು ಜನರ ಮುಂದೆ ‘ಬೇಡ’ ಎಂದವರಿಗೆ ಆಮೇಲೆ ಮಾತು ಬದಲಿಸುವುದು ಕಷ್ಟ. ಮೊದಲ ಭೇಟಿ ಅವರ ಕೋಣೆಯಲ್ಲಿ, ಇಬ್ಬರೇ ಕೂತು ಆಗಬೇಕು. ಯೋಜನೆಯನ್ನು ಹೊಗಳುವುದು ಬೇಡ. ಒಂದೇ ಪ್ರಶ್ನೆ ಸಾಕು: ‘ಮೇಡಂ, ನಾಳೆಯೇ ಶುರು ಮಾಡಿದರೆ ನಿಮ್ಮ ವಾರ್ಡಿನಲ್ಲಿ ಮೊದಲು ಏನು ಕೆಡುತ್ತದೆ?’

‘ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಇಬ್ಬರೇ ಸಿಸ್ಟರ್‌ಗಳು. ಔಷಧ ವಾಪಸ್ ಕಳಿಸಿದ ಮೇಲೆ ರೋಗಿಗೆ ಜ್ವರ ಬಂದರೆ? ಡಿಸ್ಚಾರ್ಜ್ ನಿಂತರೆ ಬೈಸಿಕೊಳ್ಳುವವರು ನಾವೇ.’

ಬದಲಾವಣೆಯನ್ನು ಜನ ವಿರೋಧಿಸಲು ನಾಲ್ಕು ಸಾಮಾನ್ಯ ಕಾರಣಗಳನ್ನು ಜಾನ್ ಕೋಟರ್ ಮತ್ತು ಲಿಯೊನಾರ್ಡ್ ಶ್ಲೆಸಿಂಗರ್ 1979ರಲ್ಲಿ ಪಟ್ಟಿ ಮಾಡಿದರು. ಸ್ವಹಿತ, ಅಪನಂಬಿಕೆ, ಬದಲಾವಣೆಯನ್ನು ತಾಳಿಕೊಳ್ಳಲಾಗದಿರುವುದು ಮೂರು. ನಾಲ್ಕನೆಯದು, ಅದೇ ಕೆಲಸವನ್ನು ಅವರು ಬೇರೆ ರೀತಿ ಅಳೆಯುವುದು. ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ಕಂಡಿರಬಹುದು. ಮೇಡಂ ಹೇಳಿದ ಜ್ವರದ ಮಾತು ಅಂಥದ್ದು. ಅದು ಹಟವಲ್ಲ, ಯೋಜನೆಯ ದೋಷ.

ಆದ್ದರಿಂದ ಮೂರು ಆಕ್ಷೇಪಕ್ಕೂ ಬೇರೆ ಬೇರೆ ಮದ್ದು ಬೇಕು. ರಾತ್ರಿ ಔಷಧದ ಪಟ್ಟಿ ಮಾತ್ರ ಆಗಲಿ, ವಾಪಸ್ ಕಳಿಸುವುದು ಬೆಳಗಿನ ರೌಂಡ್ಸ್ ಮುಗಿದ ಮೇಲೆ. ಸಮ್ಮರಿಯ ಕರಡನ್ನು ಡ್ಯೂಟಿ ಡಾಕ್ಟರ್ ಬರೆಯಲಿ, ಸಿಸ್ಟರ್‌ಗಳ ಹೆಗಲಿಗೆ ಬೀಳದಿರಲಿ. ಡಿಸ್ಚಾರ್ಜ್ ರದ್ದಾದರೆ ಅದು ನರ್ಸಿಂಗ್ ವಿಭಾಗದ ಲೋಪವಲ್ಲ ಎಂದು ಮೆಡಿಕಲ್ ಡೈರೆಕ್ಟರ್ ಲಿಖಿತವಾಗಿ ಕೊಡಲಿ.

ಒಂದು ವಾರದೊಳಗೆ, ಅವರು ಹೇಳಿದ್ದನ್ನೂ ಅದರಿಂದ ಬದಲಾದದ್ದನ್ನೂ ಒಂದೇ ಪುಟದಲ್ಲಿ ಬರೆದುಕೊಂಡು ಮತ್ತೆ ಹೋಗಬೇಕು. ಮನಸ್ಸು ತಿರುಗುವುದು ಹೆಚ್ಚಾಗಿ ಈ ಎರಡನೇ ಭೇಟಿಯಲ್ಲಿ ಎಂದು ನನ್ನ ನಂಬಿಕೆ. ಕೇಳಿಸಿಕೊಂಡು ಹೋದವರು ಏನನ್ನೋ ಬದಲಿಸಿ ಬಂದದ್ದನ್ನು ಅವರು ನೋಡುವುದು ಆಗಲೇ. ನಂತರ ಎರಡು ವಾರದ ಪ್ರಯೋಗ, ಅವರೇ ಆರಿಸಿದ ಒಂದು ವಾರ್ಡಿನಲ್ಲಿ. ರೋಗಿ ಹೊರಟ ಸಮಯದ ಜೊತೆಗೆ, ರಾತ್ರಿ ರೋಗಿ ಬೆಲ್ ಒತ್ತಿದ ಮೇಲೆ ಸಿಸ್ಟರ್ ಬರಲು ಎಷ್ಟು ಹೊತ್ತಾಯಿತು ಎಂಬ ಅವರ ಲೆಕ್ಕವೂ ದಾಖಲಾಗಬೇಕು. ಪ್ರಯೋಗ ನಿಲ್ಲಿಸುವ ಅಧಿಕಾರ ಅವರ ಕೈಯಲ್ಲೇ ಇರಬೇಕು. ಫಲಿತಾಂಶವನ್ನು ಉಳಿದ ವಾರ್ಡುಗಳಿಗೆ ಅವರೇ ಹೇಳಬೇಕು.

ಒಂದು ಎಚ್ಚರ. ‘ಆಗಲಿ ಬಿಡಿ’ ಎಂದು ಮುಂದಿನ ಸಭೆಗೆ ಜೂನಿಯರನ್ನು ಕಳಿಸಿದರೆ ಅವರು ಒಪ್ಪಿಲ್ಲ. ಯಾರೂ ಕೇಳದೆ ತಮ್ಮ ಡ್ಯೂಟಿ ಪಟ್ಟಿಯನ್ನು ತಾವೇ ತಿದ್ದಿದರೆ ಒಪ್ಪಿದ್ದಾರೆ.

ಈ ಬದಲಾವಣೆಯ ಹಿಂದೆ ಹುದ್ದೆ ಕಡಿತದ ಉದ್ದೇಶವಿದ್ದರೆ ಮೇಲಿನ ಯಾವುದೂ ನಡೆಯದು. ಹಾಗಿದ್ದಲ್ಲಿ ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.