ಹಸಿರು ಮೇದ ಹಸು ಏಕೆ ತೂರಾಡಿತು?

ಕಳೆದ ಜೂನ್ ತಿಂಗಳಲ್ಲಿ, ಮಳೆ ಹಿಡಿದು ಹದಿನೈದು ದಿನವಾಗಿದ್ದಾಗ, ಬೆಳಿಗ್ಗೆ ಹಾಲು ಕರೆಯಲು ಹೋದ ನಮ್ಮ ಚಾಚಿ ಖಾಲಿ ಬಕೆಟ್ ಹಿಡಿದು ಓಡಿ ಬಂದರು. ಚಾಂದನಿ ಕಿವಿ ನೆಟ್ಟಗೆ ಮಾಡಿಕೊಂಡು ಕಣ್ಣು ಅಗಲಿಸಿ ನಿಂತಿದೆ, ಕೆಚ್ಚಲು ಮುಟ್ಟಲು ಬಿಡುತ್ತಿಲ್ಲ ಎಂದರು. ಚಾಂದನಿ ನಮ್ಮ ಚಾಚಾ ಸಾಕಿರುವ ಮೂರು ಸೀಮೆಹಸುಗಳಲ್ಲಿ ಅತಿ ಸಾಧು. ಚಿಕ್ಕ ಮಕ್ಕಳು ಹೋಗಿ ಕೊಂಬು ಹಿಡಿದರೂ ಸುಮ್ಮನಿರುತ್ತದೆ. ಕರು ಹಾಕಿ ಐದು ವಾರವಾಗಿತ್ತು, ದಿನಕ್ಕೆ 18 ಲೀಟರ್ ಹಾಲು ಕೊಡುತ್ತಿತ್ತು. ಡೇರಿಯ ಪಾಸ್‌ಬುಕ್ ಬರೆಯುವುದು ನನ್ನ ಕೆಲಸವಾದ್ದರಿಂದ ಆ ಅಂಕಿ ನನಗೆ ಚೆನ್ನಾಗಿ ನೆನಪಿದೆ.

ನಾವು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಅದರ ಭುಜದ ಚರ್ಮ ಅದುರುತ್ತಿತ್ತು. ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಚಾಚಾ ಹಗ್ಗ ಬಿಚ್ಚಿ ಹೊರಗೆ ತಂದಾಗ ಹಿಂಗಾಲುಗಳನ್ನು ಬಿಗಿಯಾಗಿ ಎತ್ತಿ ಎತ್ತಿ ಹಾಕುತ್ತಾ ನಾಲ್ಕು ಹೆಜ್ಜೆ ನಡೆದು ತೂರಾಡಿತು, ಗೋಡೆಗೆ ತಾಗಿ ಬಿತ್ತು. ಬಿದ್ದದ್ದೇ ಕಾಲುಗಳನ್ನು ಒದರಲು ಶುರು ಮಾಡಿತು, ಬಾಯಲ್ಲಿ ನೊರೆ ಬಂತು. ದಾದಿ "ನಜರ್ ಆಗಿದೆ" ಎಂದು ಅಳುತ್ತಾ, ಬೆಲ್ಲದ ನೀರು ಮತ್ತು ಎಣ್ಣೆ ಕಲಸಿ ಗೊಟ್ಟದಲ್ಲಿ ಬಾಯಿಗೆ ಹೊಯ್ಯಲು ಬಂದರು. ಅಷ್ಟರಲ್ಲಿ ಚಾಚಾ ಪಶುವೈದ್ಯರಿಗೆ ಫೋನ್ ಮಾಡಿದ್ದರು. ಅವರು ಫೋನಿನಲ್ಲೇ ಹೇಳಿದ ಮೊದಲ ಮಾತು, "ಬಾಯಿಗೆ ಏನೂ ಹಾಕಬೇಡಿ ಸಾಹೇಬ್ರೇ."

ಆಗ ನನಗೆ ಅದು ವಿಚಿತ್ರ ಅನ್ನಿಸಿತು. ಆಮೇಲೆ ಅವರೇ ಕಾರಣ ಹೇಳಿದರು. ಸೆಳೆತ ಬಂದಿರುವ ದನಕ್ಕೆ ಸರಿಯಾಗಿ ನುಂಗಲು ಬರುವುದಿಲ್ಲ. ಗೊಟ್ಟದಲ್ಲಿ ಹೊಯ್ದದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗದಿಂದ ಬದುಕಿಕೊಂಡರೂ ಆ ಎಣ್ಣೆಯಿಂದ ಸಾಯಬಹುದು. ಇನ್ನೊಂದು ಕಾರಣ ನಮಗಾಗಿ. ತೂರಾಡುವ, ನೊರೆ ಸುರಿಸುವ ದನಕ್ಕೆ ಹುಚ್ಚುನಾಯಿ ರೋಗವೂ ಇರಬಹುದು. ವೈದ್ಯರು ನೋಡುವವರೆಗೆ ಬರಿಗೈಯನ್ನು ಬಾಯೊಳಗೆ ಹಾಕಲೇಬಾರದು.

ಅವರು ಬರುವವರೆಗೆ ನಾವು ಮಾಡಿದ್ದು ಸ್ವಲ್ಪವೇ. ಮಕ್ಕಳನ್ನೂ ನೋಡಲು ಬಂದವರನ್ನೂ ಹೊರಗೆ ಕಳಿಸಿದೆವು, ನಾಯಿಯನ್ನು ಕಟ್ಟಿದೆವು. ಈ ರೋಗದಲ್ಲಿ ಒಂದು ಜೋರಾದ ಸದ್ದು, ಒಂದು ತಟ್ಟು ಸಾಕು, ಸೆಳೆತ ಮತ್ತೆ ಶುರುವಾಗುತ್ತದೆ. ತಲೆ ಕಲ್ಲಿಗೆ ಬಡಿಯದಂತೆ ಹುಲ್ಲು ತುಂಬಿದ ಗೋಣಿಚೀಲ ಇಟ್ಟೆವು, ಕಾಲುಗಳ ಹತ್ತಿರ ಯಾರೂ ನಿಲ್ಲಲಿಲ್ಲ. ಪಕ್ಕದ ಮನೆಯವರು ತಮ್ಮಲ್ಲಿ ಕ್ಯಾಲ್ಸಿಯಂ ಬಾಟಲಿ ಇದೆ, ತಾವೇ ನರಕ್ಕೆ ಏರಿಸುತ್ತೇವೆ ಎಂದರು. ಚಾಚಾ ಬೇಡ ಎಂದರು. ಆ 'ಬೇಡ' ಎಷ್ಟು ಮುಖ್ಯವಾಗಿತ್ತು ಎಂಬುದು ಮುಂದೆ ಬರುತ್ತದೆ.

ರೋಗದ ಹೆಸರು ಗ್ರಾಸ್ ಟೆಟನಿ. ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಾಗಿ ನರ ಮತ್ತು ಸ್ನಾಯುಗಳು ಹಿಡಿತ ತಪ್ಪುವ ಸ್ಥಿತಿ. ಗಾಯದಿಂದ ಬರುವ ಧನುರ್ವಾಯುವಿಗೂ ಇದಕ್ಕೂ ಸಂಬಂಧವಿಲ್ಲ. ಯುರೋಪಿನಲ್ಲಿ ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ಹಸುಗಳನ್ನು ವಸಂತದಲ್ಲಿ ಎಳೆ ಹುಲ್ಲಿಗೆ ಬಿಟ್ಟಾಗ ಇದು ಬರುತ್ತಿತ್ತು. ಇದರ ಹಿಂದೆ ಮೆಗ್ನೀಸಿಯಂ ಕೊರತೆ ಇದೆ ಎಂದು 1930ರ ಸುಮಾರಿಗೆ ತೋರಿಸಿದವರು ಹಾಲೆಂಡಿನ ಶೋಲೆಮಾ ಮತ್ತು ಸೇಕಲ್ಸ್. ನಮ್ಮಲ್ಲಿ ಆ ರೀತಿಯ ವಸಂತ ಇಲ್ಲ. ಆದರೆ ಮುಂಗಾರು ಬಿದ್ದ ಮೇಲೆ ದಿಢೀರನೆ ಏಳುವ ಎಳೆ ಹುಲ್ಲು ಇದೆ, ಹೆಚ್ಚು ಹಾಲು ಕೊಡುವ ಸೀಮೆಹಸುವೂ ಇದೆ.

ಹೊಟ್ಟೆ ತುಂಬ ಹಸಿರು ತಿಂದ ಹಸುವಿಗೆ ಕೊರತೆ ಹೇಗೆ ಬರುತ್ತದೆ? ನಾನು ವಾಣಿಜ್ಯ ವಿಭಾಗದವಳು, ನನಗೆ ಇದು ಅರ್ಥವಾದದ್ದು ಜಮಾ ಖರ್ಚಿನ ಲೆಕ್ಕ ಬರೆದಾಗಲೇ.

ಮೊದಲು ಖರ್ಚು. ಒಂದು ಲೀಟರ್ ಹಾಲಿನಲ್ಲಿ ಸುಮಾರು 0.12 ಗ್ರಾಂ ಮೆಗ್ನೀಸಿಯಂ ಹೊರಗೆ ಹೋಗುತ್ತದೆ. 18 ಲೀಟರಿಗೆ 2.2 ಗ್ರಾಂ ಆಯಿತು. ದೇಹದ ದಿನನಿತ್ಯದ ನಷ್ಟ 400 ಕಿಲೋ ತೂಕದ ಹಸುವಿಗೆ ಸುಮಾರು 1.2 ಗ್ರಾಂ. ಒಟ್ಟು 3.4 ಗ್ರಾಂ. ಈಗ ಜಮಾ. ಆ ವಾರ ರಾಗಿ ಹುಲ್ಲಿನ ಬಣವೆ ಮುಗಿದಿತ್ತು, ಹಿಂಡಿಯೂ ಮೂರು ದಿನದಿಂದ ಇರಲಿಲ್ಲ. ದಿನಕ್ಕೆ 60 ಕಿಲೋ ಎಳೆಯ ನೇಪಿಯರ್ ಹುಲ್ಲು ಮಾತ್ರ. ಎಳೆ ಹುಲ್ಲಿನ ನೂರು ಪಾಲಿನಲ್ಲಿ 85 ಪಾಲು ನೀರೇ ಎಂದು ಹಿಡಿದರೆ ಒಣ ಪದಾರ್ಥ 9 ಕಿಲೋ ಉಳಿಯುತ್ತದೆ. ಅದರಲ್ಲಿ ಮೆಗ್ನೀಸಿಯಂ ಶೇಕಡಾ 0.15 ಇದ್ದರೆ 13.5 ಗ್ರಾಂ.

3.4 ಗ್ರಾಂ ಖರ್ಚಿಗೆ 13.5 ಗ್ರಾಂ ಜಮಾ ಇದೆಯಲ್ಲ ಅನ್ನಿಸಬಹುದು. ಆದರೆ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ದೊಡ್ಡ ಹಸುವಿನಲ್ಲಿ ಮೆಗ್ನೀಸಿಯಂ ಒಳಗೆ ಹೋಗುವ ಮುಖ್ಯ ಬಾಗಿಲು ರುಮೆನ್, ಅಂದರೆ ಮೆಲುಕು ಹಾಕುವ ಮೊದಲ ಹೊಟ್ಟೆಯ ಗೋಡೆ. ಆ ಬಾಗಿಲು ಚೆನ್ನಾಗಿ ತೆರೆದಿದ್ದು ಶೇಕಡಾ 30 ಒಳಗೆ ಹೋದರೆ 4 ಗ್ರಾಂ ಸಿಗುತ್ತದೆ, ಖರ್ಚು ಸರಿದೂಗುತ್ತದೆ. ಶೇಕಡಾ 15 ಮಾತ್ರ ಹೋದರೆ 2 ಗ್ರಾಂ. ದಿನವೂ ಒಂದೂವರೆ ಗ್ರಾಂ ಸಾಲ.

ಬಾಗಿಲು ಮುಚ್ಚುವುದು ಪೊಟ್ಯಾಸಿಯಂ. ಮೇವಿನಲ್ಲಿ ಅದು ಹೆಚ್ಚಾದರೆ ರುಮೆನ್ ಗೋಡೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸ ಹೆಚ್ಚುತ್ತದೆ, ಮೆಗ್ನೀಸಿಯಂ ಒಳಗೆ ಬರುವುದು ಕಷ್ಟವಾಗುತ್ತದೆ. ಉಪ್ಪು ಸಾಲದಿದ್ದರೂ ರುಮೆನ್ನಿನಲ್ಲಿ ಪೊಟ್ಯಾಸಿಯಂ ಏರುತ್ತದೆ. ಡಾಕ್ಟರು ಆ ದಿನ ಚಾಚಾ ಅವರನ್ನು ಕೇಳಿದ ಪ್ರಶ್ನೆ ಹಸುವಿನ ಬಗ್ಗೆ ಆಗಿರಲಿಲ್ಲ, "ಹುಲ್ಲಿಗೆ ಏನು ಹಾಕ್ತೀರಿ?" ಎಂದಾಗಿತ್ತು. ನಮ್ಮ ಕೊಟ್ಟಿಗೆ ತೊಳೆದ ನೀರು, ಗಂಜಲ, ಸಗಣಿ ಎಲ್ಲವೂ ಕಾಲುವೆಯಲ್ಲಿ ಹರಿದು ನೇರ ನೇಪಿಯರ್ ಮಡಿಗೆ ಹೋಗುತ್ತದೆ. ದನ ತಿಂದ ಪೊಟ್ಯಾಸಿಯಂ ಬಹುಪಾಲು ಗಂಜಲದಲ್ಲೇ ಹೊರಗೆ ಬರುತ್ತದೆ. ಅದೇ ಗಂಜಲ, ಅದೇ ಮಡಿ, ಅದೇ ಹಸು. ವರ್ಷಗಟ್ಟಲೆ ಸುತ್ತಿ ಸುತ್ತಿ ಮಣ್ಣಿನಲ್ಲಿ ಕೂಡುತ್ತಾ ಬಂದಿದೆ. ಅದರ ಮೇಲೆ ಯೂರಿಯಾ ಬೇರೆ. ಯೂರಿಯಾ ಉಂಡ ಎಳೆ ಹುಲ್ಲು ರುಮೆನ್ನಿನಲ್ಲಿ ಅಮೋನಿಯ ಹೆಚ್ಚಿಸುತ್ತದೆ, ಅದೂ ಮೆಗ್ನೀಸಿಯಂಗೆ ಅಡ್ಡಿ. ಹುಲ್ಲು ಕಡುಹಸಿರಾಗಿ ಹೊಳೆಯುತ್ತಿದೆ ಎಂದು ನಾವು ಖುಷಿಪಟ್ಟಿದ್ದೆವು.

ಸಾಲವಾದರೆ ಉಳಿತಾಯದಿಂದ ತೆಗೆಯಬಹುದಲ್ಲ ಎಂಬುದು ನನ್ನ ಮುಂದಿನ ಪ್ರಶ್ನೆ. ಹಸುವಿನ ಮೂಳೆಯಲ್ಲಿ ಬೇಕಾದಷ್ಟು ಮೆಗ್ನೀಸಿಯಂ ಇದೆ. ಆದರೆ ಅದು ಅವಧಿಗೆ ಮುಂಚೆ ಮುರಿಯಲು ಬಾರದ ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಕ್ಯಾಲ್ಸಿಯಂ ಇಳಿದರೆ ಒಂದು ಹಾರ್ಮೋನು ಮೂಳೆಯಿಂದ ತೆಗೆದು ಕೊಡುತ್ತದೆ, ಮೆಗ್ನೀಸಿಯಂಗೆ ಅಂಥ ಕಾವಲುಗಾರ ಯಾರೂ ಇಲ್ಲ. ಕೈಯಲ್ಲಿರುವ ನಗದು ಎಂದರೆ ರಕ್ತದಲ್ಲೂ ಜೀವಕೋಶಗಳ ಹೊರಗಿನ ದ್ರವದಲ್ಲೂ ಇರುವ ಎರಡು ಮೂರು ಗ್ರಾಂ ಮಾತ್ರ. ದಿನಕ್ಕೆ ಒಂದೂವರೆ ಗ್ರಾಂ ಸಾಲ ಮಾಡುವ ಹಸು ಎಷ್ಟು ದಿನ ತಾಳುತ್ತದೆ ಎಂದು ನೀವೇ ಲೆಕ್ಕ ಹಾಕಿ. ಹಿಂದಿನ ರಾತ್ರಿ ಬಿಡದೆ ಮಳೆ ಸುರಿದು ಚಾಂದನಿ ಸರಿಯಾಗಿ ಮೇವು ತಿಂದಿರಲಿಲ್ಲ. ಕೊನೆಯ ತಳ್ಳು ಅದೇ ಇರಬೇಕು ಎಂದರು ಡಾಕ್ಟರು.

ಅವರು ಬಂದಾಗ ಮೊದಲು ದೂರದಿಂದಲೇ ಸ್ವಲ್ಪ ಹೊತ್ತು ನೋಡಿದರು. ಹಾಲುಜ್ವರವಾಗಿದ್ದರೆ ಹಸು ಮಂಕಾಗಿ, ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿರುತ್ತದೆ, ಅದೂ ಹೆಚ್ಚಾಗಿ ಕರು ಹಾಕಿದ ಎರಡು ಮೂರು ದಿನದೊಳಗೆ. ಇಲ್ಲಿ ಎಲ್ಲವೂ ಉಲ್ಟಾ. ಹಸು ಬೆದರಿದೆ, ಮೈ ಬಿಸಿಯಾಗಿದೆ, ಹೃದಯ ಜೋರಾಗಿ ಬಡಿಯುತ್ತಿದೆ, ಕರು ಹಾಕಿ ಐದು ವಾರ ಕಳೆದಿದೆ. ಸೆಳೆತದ ನಡುವೆ ಸೂಜಿ ಚುಚ್ಚಿದರೆ ಇನ್ನೊಂದು ಸೆಳೆತ ಬರಬಹುದೆಂದು ಮೊದಲು ಶಾಂತವಾಗಲು ಔಷಧಿ ಕೊಟ್ಟರು. ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದರು. ನಂತರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಇರುವ 450 ಮಿಲಿಯ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಮೈಬಿಸಿಗೆ ತಂದು, ಕುತ್ತಿಗೆಯ ನರಕ್ಕೆ ಹನಿಹನಿಯಾಗಿ ಬಿಟ್ಟರು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಎದೆಯ ಮೇಲಿನ ಸ್ಟೆತಸ್ಕೋಪಿನಲ್ಲಿ. ನಡುವೆ ಎರಡು ಸಲ ನಿಲ್ಲಿಸಿದರು. ಹೃದಯದ ಬಡಿತ ತಾಳ ತಪ್ಪಿತ್ತಂತೆ. ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯ ನಿಲ್ಲುತ್ತದೆ, ಮೆಗ್ನೀಸಿಯಂ ವೇಗವಾಗಿ ಹೋದರೆ ಉಸಿರು ನಿಲ್ಲಬಹುದು. ಆಗಲೇ ಹಿಗ್ಗಾಮುಗ್ಗಾ ಬಡಿಯುತ್ತಿರುವ ಹೃದಯಕ್ಕೆ ಪಕ್ಕದ ಮನೆಯ ಬಾಟಲಿ ಏನು ಮಾಡುತ್ತಿತ್ತು ಎಂದು ಈಗ ಗೊತ್ತಾಗುತ್ತದೆ.

ಕೊನೆಗೆ ಮೆಗ್ನೀಸಿಯಂ ಸಲ್ಫೇಟ್ ದ್ರಾವಣ 200 ಮಿಲಿಯನ್ನು ನರಕ್ಕೆ ಕೊಡದೆ ಪಕ್ಕೆಯ ಚರ್ಮದ ಕೆಳಗೆ ಎರಡು ಮೂರು ಕಡೆ ಹಂಚಿ ಕೊಟ್ಟರು. ನರಕ್ಕೆ ಕೊಟ್ಟದ್ದು ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ, ಚರ್ಮದ ಕೆಳಗಿನದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮುಕ್ಕಾಲು ಗಂಟೆಯ ಮೇಲೆ ಚಾಂದನಿ ಎದ್ದು ನಿಂತು ಗಂಜಲ ಹೊಯ್ದಿತು. ಚಾಚಿ "ಅಲ್‌ಹಮ್ದುಲಿಲ್ಲಾಹ್" ಎಂದರು, ಡಾಕ್ಟರು ಮಾತ್ರ ಇನ್ನೂ ಖುಷಿಪಡಲಿಲ್ಲ. "ಸಂಜೆವರೆಗೆ ಕಣ್ಣಿಡಿ" ಎಂದರು. ಹೇಳಿದಂತೆಯೇ ಸಂಜೆ ಐದಕ್ಕೆ ಮತ್ತೆ ಚರ್ಮ ಅದುರಲು ಶುರುವಾಯಿತು, ಅವರು ಇನ್ನೊಮ್ಮೆ ಬರಬೇಕಾಯಿತು.

ಎರಡು ದಿನದ ಮೇಲೆ ರಕ್ತದ ವರದಿ ಬಂತು. 100 ಮಿಲಿ ರಕ್ತದ್ರವದಲ್ಲಿ 1.8ರಿಂದ 2.4 ಮಿಲಿಗ್ರಾಂ ಇರಬೇಕಾದ ಮೆಗ್ನೀಸಿಯಂ 0.9 ಇತ್ತು. ಆದರೆ ವರದಿ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲವಂತೆ. ಜೋರು ಸೆಳೆತದಲ್ಲಿ ಸ್ನಾಯುಗಳು ಜಖಂ ಆಗಿ ಒಳಗಿನ ಮೆಗ್ನೀಸಿಯಂ ರಕ್ತಕ್ಕೆ ಸೋರುತ್ತದೆ, ಆಗ ಸಾಯುತ್ತಿರುವ ಹಸುವಿನ ವರದಿಯೂ ಸರಿಯಾಗಿ ಕಾಣಬಹುದು. ಅದಕ್ಕೇ ವರದಿಗೆ ಕಾಯದೆ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ.

ಈಗ ಮಳೆ ಶುರುವಾಗುವ ಹೊತ್ತಿಗೆ ಚಾಚಾ ಪಕ್ಕದ ಊರಿನಿಂದ ರಾಗಿ ಹುಲ್ಲು ತರಿಸಿಡುತ್ತಾರೆ. ಮೊದಲು ಒಣ ಹುಲ್ಲು, ಆಮೇಲೆ ಹಸಿರು. ಕೊಟ್ಟಿಗೆಯ ನೀರಿನ ಕಾಲುವೆಯನ್ನು ತೆಂಗಿನ ಗಿಡಗಳ ಕಡೆಗೆ ತಿರುಗಿಸಿದ್ದಾರೆ. ಹಾಲು ಕರೆಯುವ ಹಸುಗಳಿಗೆ ಎಳೆ ಹುಲ್ಲಿನ ದಿನಗಳಲ್ಲಿ ಡಾಕ್ಟರು ಹೇಳಿದ ಪ್ರಕಾರ ದಿನಕ್ಕೆ 50 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಜೊತೆಗೆ ಉಪ್ಪು. ಇದನ್ನು ವಾರದ್ದೆಲ್ಲ ಭಾನುವಾರ ಒಂದೇ ಸಲ ಕೊಟ್ಟರೆ ಆಗುವುದಿಲ್ಲ. ಕೂಡಿಡಲು ಜಾಗವಿಲ್ಲದ್ದರಿಂದ ಹೆಚ್ಚಾದದ್ದು ಹೊರಗೆ ಹೋಗುತ್ತದೆ, ಬೇಧಿ ಬೇರೆ ಆಗುತ್ತದೆ. ಪುಡಿ ರುಚಿಯಿಲ್ಲ, ಚಾಂದನಿ ಹಿಂಡಿ ತಿಂದು ಪುಡಿಯನ್ನು ಬಾನಿಯ ತಳದಲ್ಲಿ ಬಿಡುತ್ತಿತ್ತು. ದಾದಿ ಅಂದು ಹೊಯ್ಯಬೇಕೆಂದಿದ್ದ ಬೆಲ್ಲ ಈಗ ಕೆಲಸಕ್ಕೆ ಬಂದಿದೆ. ಬೆಲ್ಲದ ನೀರಿನಲ್ಲಿ ಪುಡಿ ಕಲಸಿ ಹಿಂಡಿಗೆ ಬೆರೆಸಿದರೆ ತಳ ನೆಕ್ಕಿ ಮುಗಿಸುತ್ತದೆ.

ನಿಮ್ಮ ಮನೆಯಲ್ಲಿ ಹಸುಗಳಿದ್ದರೆ 1962 ಎಂಬ ಸಂಖ್ಯೆಯನ್ನು ಕೊಟ್ಟಿಗೆಯ ಬಾಗಿಲಿನ ಮೇಲೆ ಬರೆದಿಡಿ. ಅದು ಸರಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಕರೆ. ಚಾಚಾ ಸುಣ್ಣದಲ್ಲಿ ಬರೆದಿದ್ದರು, ಮಳೆಗೆ ಅಳಿಸಿತು. ಮೊನ್ನೆ ನಾನು ಪೇಂಟಿನಲ್ಲಿ ಬರೆದೆ.