ಗಿನಿ ಪಿಗ್‌ಗೆ ದಿನವೂ ವಿಟಮಿನ್ ಸಿ ಏಕೆ ಬೇಕು?

ನಾಯಿ, ಬೆಕ್ಕು, ಮೊಲ, ಹಸುಗಳಿಗೆ ಯಾರೂ ವಿಟಮಿನ್ ಸಿ ಕೊಡುವುದಿಲ್ಲ. ಅವುಗಳಿಗೆ ಸ್ಕರ್ವಿ ಬರುವುದೂ ಇಲ್ಲ. ಆದರೆ ಮನೆಯಲ್ಲಿ ಸಾಕಿದ ಗಿನಿ ಪಿಗ್‌ಗೆ ಕೆಲವೇ ವಾರ ವಿಟಮಿನ್ ಸಿ ಸಿಗದಿದ್ದರೂ ಅದು ಕಾಯಿಲೆ ಬೀಳುತ್ತದೆ. ಈ ವ್ಯತ್ಯಾಸ ಏಕೆ?

ಹೆಚ್ಚಿನ ಸಸ್ತನಿಗಳು ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲೇ ಗ್ಲೂಕೋಸ್‌ನಿಂದ ತಯಾರಿಸಿಕೊಳ್ಳುತ್ತವೆ. ಈ ತಯಾರಿಕೆಯ ಕೊನೆಯ ಹಂತಕ್ಕೆ ಗುಲೊನೊಲ್ಯಾಕ್ಟೋನ್ ಆಕ್ಸಿಡೇಸ್ ಎಂಬ ಕಿಣ್ವ ಬೇಕು. ಗಿನಿ ಪಿಗ್‌ಗಳಲ್ಲಿ ಈ ಕಿಣ್ವದ ಜೀನ್ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಮನುಷ್ಯರಾದ ನಮ್ಮಲ್ಲೂ ಅದೇ ಜೀನ್ ಕೆಟ್ಟಿದೆ. ಆದ್ದರಿಂದಲೇ ನಮಗೂ ಗಿನಿ ಪಿಗ್‌ಗೂ ಸ್ಕರ್ವಿ ಬರುತ್ತದೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿದ ಗಿನಿ ಪಿಗ್‌ಗಳಲ್ಲಿ ಈ ರೋಗವನ್ನು ಗುರುತಿಸಿದರು. ಸ್ಕರ್ವಿಯನ್ನು ಪ್ರಯೋಗಾಲಯದಲ್ಲಿ ಅಧ್ಯಯನ ಮಾಡಲು ಸಾಧ್ಯವಾದದ್ದು ಆಮೇಲೆಯೇ.

ವಿಟಮಿನ್ ಸಿ ಇಲ್ಲದಿದ್ದರೆ ದೇಹಕ್ಕೆ ಗಟ್ಟಿಯಾದ ಕೊಲಾಜೆನ್ ಕಟ್ಟಲು ಆಗುವುದಿಲ್ಲ. ರಕ್ತನಾಳ, ವಸಡು, ಕೀಲು, ಚರ್ಮ ಇವನ್ನೆಲ್ಲ ಹಿಡಿದಿಡುವ ಪ್ರೋಟೀನ್ ಇದು. ಅದು ದುರ್ಬಲವಾದಾಗ ಸಣ್ಣ ರಕ್ತನಾಳಗಳು ಒಡೆದು ಕೀಲುಗಳ ಸುತ್ತ ರಕ್ತ ಸೋರುತ್ತದೆ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು, ದೇಹ ಅದನ್ನು ಹೆಚ್ಚು ದಿನ ಕೂಡಿಡುವುದಿಲ್ಲ. ಹಾಗಾಗಿ ಭಾನುವಾರ ಒಂದು ರಾಶಿ ಕೊಟ್ಟು ಉಳಿದ ದಿನ ಸುಮ್ಮನಿದ್ದರೆ ಪ್ರಯೋಜನವಿಲ್ಲ.

ಎಷ್ಟು ಬೇಕು? ಆರೋಗ್ಯವಾಗಿರುವ ಪ್ರಾಣಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬೆಳೆಯುವ ಮರಿ ಮತ್ತು ಗರ್ಭಿಣಿಗೆ ಹೆಚ್ಚು ಬೇಕು.

900 ಗ್ರಾಂ ತೂಗುವ ಒಂದು ಗಿನಿ ಪಿಗ್‌ನ ಲೆಕ್ಕ ಹಾಕೋಣ. ಕಿಲೋಗೆ 20 ಮಿಲಿಗ್ರಾಂ ಎಂದಿಟ್ಟುಕೊಂಡರೆ ಅದಕ್ಕೆ ದಿನಕ್ಕೆ 18 ಮಿಲಿಗ್ರಾಂ ಬೇಕು. 100 ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಅಂದರೆ 25 ಗ್ರಾಂ ತುಂಡಿನಲ್ಲೇ 20 ಮಿಲಿಗ್ರಾಂ ಸಿಕ್ಕಿತು. ಕೆಂಪು ದೊಣ್ಣೆ ಮೆಣಸಿನಲ್ಲಿ ಇನ್ನೂ ಹೆಚ್ಚು ಇದೆ.

ಈಗ ಕ್ಯಾರೆಟ್ ನೋಡೋಣ. ಗಿನಿ ಪಿಗ್‌ಗೆ ಕ್ಯಾರೆಟ್, ಸೌತೆಕಾಯಿ ಹಾಕಿದರೆ ಸಾಕು ಎಂದು ಹಲವರು ನಂಬಿದ್ದಾರೆ. 100 ಗ್ರಾಂ ಕ್ಯಾರೆಟ್‌ನಲ್ಲಿ ಇರುವುದು 6 ಮಿಲಿಗ್ರಾಂ ಮಾತ್ರ. 18 ಮಿಲಿಗ್ರಾಂ ಬೇಕೆಂದರೆ 300 ಗ್ರಾಂ ತಿನ್ನಬೇಕು, ಅದು ಪ್ರಾಣಿಯ ತೂಕದ ಮೂರನೇ ಒಂದು ಭಾಗ! ಸೌತೆಕಾಯಿಯಲ್ಲಿ ಇನ್ನೂ ಕಡಿಮೆ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಧಾರಾಳವಾಗಿದೆ, ಆದರೆ ಸಕ್ಕರೆಯೂ ಇರುವುದರಿಂದ ಸಣ್ಣ ತುಂಡು ಸಾಕು, ದಿನವೂ ಬೇಡ.

ಇನ್ನೊಂದು ನಂಬಿಕೆ, ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕಿದರೆ ಆಯಿತು ಎಂಬುದು. ನೀರು, ಬೆಳಕು, ಗಾಳಿ ಸೇರಿದರೆ ವಿಟಮಿನ್ ಸಿ ಬೇಗ ಹಾಳಾಗುತ್ತದೆ. ಎಷ್ಟು ಹೊಟ್ಟೆಗೆ ಹೋಯಿತು ಎಂದು ತಿಳಿಯುವುದೂ ಇಲ್ಲ. ರುಚಿ ಬದಲಾದದ್ದಕ್ಕೆ ಪ್ರಾಣಿ ನೀರನ್ನೇ ಕಡಿಮೆ ಕುಡಿಯಬಹುದು. ಪೆಲೆಟ್ ಆಹಾರದಲ್ಲೂ ಇದೇ ತೊಂದರೆ. ಸಾಮಾನ್ಯ ಪೆಲೆಟ್‌ಗಳಲ್ಲಿ ತಯಾರಾಗಿ ಸುಮಾರು ಮೂರು ತಿಂಗಳಾಗುವಷ್ಟರಲ್ಲಿ ವಿಟಮಿನ್ ಸಿ ಬಹಳಷ್ಟು ಇಳಿದಿರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಮೊಲದ ಪೆಲೆಟ್ ಅಂತೂ ಇದಕ್ಕೆ ಆಗುವುದೇ ಇಲ್ಲ, ಏಕೆಂದರೆ ಮೊಲಕ್ಕೆ ವಿಟಮಿನ್ ಸಿ ಸೇರಿಸುವ ಅಗತ್ಯವಿಲ್ಲ.

ತರಕಾರಿ ಸರಿಯಾಗಿ ತಿನ್ನದ ಗಿನಿ ಪಿಗ್‌ಗೆ ಬರೀ ವಿಟಮಿನ್ ಸಿ ಇರುವ ಮಾತ್ರೆಯ ಅಳತೆ ಮಾಡಿದ ತುಣುಕನ್ನು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜ್‌ನಿಂದ ಬಾಯಿಯ ಪಕ್ಕದಲ್ಲಿ ನಿಧಾನವಾಗಿ ಕುಡಿಸಬಹುದು. ಕಲಸಿದ್ದನ್ನು ಆಗಲೇ ಕೊಡಬೇಕು, ನಾಳೆಗೆ ಇಡಬಾರದು. ಮಲ್ಟಿವಿಟಮಿನ್ ಬೇಡ, ಅದರಲ್ಲಿರುವ ಎ ಮತ್ತು ಡಿ ದೇಹದಲ್ಲಿ ಶೇಖರವಾಗಿ ವಿಷವಾಗಬಹುದು. ಇವೆಲ್ಲದರ ಜೊತೆಗೆ ಹುಲ್ಲು ಸದಾ ಮುಂದಿರಬೇಕು. ಆದರೆ ಒಣಹುಲ್ಲಿನಲ್ಲಿ ವಿಟಮಿನ್ ಸಿ ಹೆಚ್ಚುಕಡಿಮೆ ಉಳಿದಿರುವುದಿಲ್ಲ.

ಕೊರತೆ ಗೊತ್ತಾಗುವುದು ಹೇಗೆ? ಎರಡು ಮೂರು ವಾರಗಳಲ್ಲಿ ಪ್ರಾಣಿ ಓಡಾಡಲು ಹಿಂಜರಿಯುತ್ತದೆ, ಎತ್ತಿದರೆ ನೋವಿನಿಂದ ಕಿರುಚುತ್ತದೆ. ಕೀಲು ಊದುತ್ತದೆ, ಕೂದಲು ಒರಟಾಗುತ್ತದೆ, ವಸಡಿನಲ್ಲಿ ರಕ್ತ ಬರಬಹುದು, ತೂಕ ಇಳಿಯುತ್ತದೆ. ಕುಂಟುವುದನ್ನು ಕಂಡು ಎಲ್ಲೋ ಬಿದ್ದಿರಬೇಕು ಎಂದುಕೊಳ್ಳುವವರೇ ಹೆಚ್ಚು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಇಳಿಕೆ ಬೇಗ ಕಾಣುತ್ತದೆ. ಈ ಲಕ್ಷಣಗಳು ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಚಿಕಿತ್ಸೆಯ ಪ್ರಮಾಣ ದಿನನಿತ್ಯದ ಪ್ರಮಾಣಕ್ಕಿಂತ ಹೆಚ್ಚಿರುತ್ತದೆ, ಅದನ್ನು ಅವರೇ ನಿರ್ಧರಿಸಬೇಕು. ಒಂದು ದಿನ ಏನೂ ತಿನ್ನದಿದ್ದರೆ ಅದು ತುರ್ತು ಸ್ಥಿತಿ, ಮರುದಿನಕ್ಕೆ ಕಾಯಬಾರದು.