ಕೆಲಸ, ದರ, ಗಡುವು: ಗೂಗಲ್ ಪ್ರೊಫೈಲಿನಲ್ಲಿ ಪೋಸ್ಟ್ ಬರೆಯುವ ಬಗೆ

ಮನೆಯ ಎಸಿಯಿಂದ ನೀರು ತೊಟ್ಟಿಕ್ಕತೊಡಗಿದರೆ ಈಗ ಜನ ಮೊದಲು ಮೊಬೈಲಿನಲ್ಲಿ ‘ಎಸಿ ಸರ್ವಿಸ್’ ಎಂದು ಹುಡುಕುತ್ತಾರೆ. ಗೂಗಲ್ ಮ್ಯಾಪ್ ನಾಲ್ಕಾರು ಅಂಗಡಿ ತೋರಿಸುತ್ತದೆ. ಒಂದರ ಪ್ರೊಫೈಲ್ ತೆರೆದರೆ ವಿಳಾಸ, ಫೋಟೊ, ಗ್ರಾಹಕರ ಅಭಿಪ್ರಾಯಗಳ ಜೊತೆಗೆ ಅಂಗಡಿಯವರೇ ಹಾಕಿದ ಪುಟ್ಟ ಪೋಸ್ಟ್‌ಗಳೂ ಇರುತ್ತವೆ. ಅವನ್ನು ಓದುವವರು ಆಗಲೇ ಅಂಗಡಿಯವರೆಗೆ ಬಂದವರು. ಅವರಿಗೆ ಬೇಕಾದದ್ದು ಯಾವ ಕೆಲಸ, ಎಷ್ಟು ಹಣ, ಎಲ್ಲಿಯವರೆಗೆ ಎಂಬ ವಿವರ.

ದಾವಣಗೆರೆಯ ಒಂದು ಎಸಿ ರಿಪೇರಿ ಅಂಗಡಿಯನ್ನು ಊಹಿಸಿಕೊಳ್ಳಿ. ‘ಆತ್ಮೀಯ ಗ್ರಾಹಕರೇ, ಬೇಸಿಗೆಗೆ ಭರ್ಜರಿ ರಿಯಾಯಿತಿ! ಇಂದೇ ಸಂಪರ್ಕಿಸಿ’ ಎಂದು ಬರೆದು ಕೆಳಗೆ ಮೊಬೈಲ್ ನಂಬರ್ ಹಾಕಿದ್ದಾರೆ. ಯಾವ ಕೆಲಸಕ್ಕೆ ರಿಯಾಯಿತಿ ಎಂಬುದೇ ಇದರಲ್ಲಿಲ್ಲ. ಸಾಲದ್ದಕ್ಕೆ, ಪೋಸ್ಟ್‌ನ ಬರಹದಲ್ಲಿ ಫೋನ್ ನಂಬರ್ ಹಾಕುವುದನ್ನು ಗೂಗಲ್ ಒಪ್ಪುವುದಿಲ್ಲ, ಪೋಸ್ಟ್ ತಿರಸ್ಕೃತವಾಗಬಹುದು.

ಅದನ್ನೇ ಹೀಗೆ ಬರೆಯಬಹುದು: ‘ಸ್ಪ್ಲಿಟ್ ಎಸಿ ವಾಟರ್ ಸರ್ವಿಸ್ ₹499. ಫಿಲ್ಟರ್, ಒಳಗಿನ ಕಾಯಿಲ್, ಹೊರಗಿನ ಯೂನಿಟ್ ತೊಳೆದು, ನೀರು ಹೋಗುವ ಪೈಪ್ ಸ್ವಚ್ಛ ಮಾಡಿಕೊಡುತ್ತೇವೆ. ಗ್ಯಾಸ್ ತುಂಬಿಸಲು ಬೇರೆ ದರ. ದಾವಣಗೆರೆ ನಗರದೊಳಗೆ ಮಾತ್ರ.’ ನೀರು ಸೋರುತ್ತಿರುವವರಿಗೆ ತಮ್ಮ ಕೆಲಸ ಇದರಲ್ಲಿದೆಯೆಂದು ತಕ್ಷಣ ತಿಳಿಯುತ್ತದೆ. ಗ್ಯಾಸಿನ ಮಾತು ಮೊದಲೇ ಬಂದಿರುವುದರಿಂದ ಬಿಲ್ ಕೊಡುವಾಗ ಜಗಳವೂ ಇಲ್ಲ. ಒಂದು ಪೋಸ್ಟ್‌ಗೆ 1500 ಅಕ್ಷರಗಳ ಮಿತಿಯಿದ್ದರೂ ಮೂರು-ನಾಲ್ಕು ವಾಕ್ಯ ಸಾಕು. ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಇರಬೇಕು, ಏಕೆಂದರೆ ಪಟ್ಟಿಯಲ್ಲಿ ಕಾಣುವುದು ಆರಂಭದ ಸಾಲುಗಳಷ್ಟೇ.

ಇನ್ನು ಪೋಸ್ಟ್‌ನ ಬಗೆ. ದರ ಇಳಿಸಿದ್ದರೆ Offer ಆಯ್ದುಕೊಳ್ಳಬೇಕು. ಅದಕ್ಕೆ ಶೀರ್ಷಿಕೆಯ ಜೊತೆ ಆರಂಭದ ಮತ್ತು ಕೊನೆಯ ದಿನಾಂಕ ಕಡ್ಡಾಯ. ಕೂಪನ್ ಕೋಡ್, ಲಿಂಕ್, ಷರತ್ತುಗಳನ್ನು ಬೇಕಿದ್ದರೆ ಸೇರಿಸಬಹುದು. ‘ಭಾನುವಾರವೂ ಮನೆಗೆ ಬಂದು ರಿಪೇರಿ ಮಾಡುತ್ತೇವೆ’ ಎಂಬಂಥ ಸುದ್ದಿಗೆ Update ಸರಿ. ಅದರಲ್ಲಿ ಬಟನ್ ಆರಿಸಲು ಅವಕಾಶವಿದೆ. Call now ಒತ್ತಿದರೆ ಪ್ರೊಫೈಲಿನಲ್ಲಿರುವ ನಂಬರಿಗೇ ಕರೆ ಹೋಗುತ್ತದೆ. Book ಮತ್ತು Learn more ಬಟನ್‌ಗಳಿಗೆ ಲಿಂಕ್ ಬೇಕು. ವೆಬ್‌ಸೈಟ್ ಇಲ್ಲದ ಅಂಗಡಿಗೆ Call now ಒಂದೇ ಸಾಕು. ಬರಹದ ಕೊನೆಯ ಮಾತೂ ಬಟನ್‌ಗೆ ಹೊಂದಬೇಕು: ‘ಬೆಳಿಗ್ಗೆ 9ರಿಂದ ಸಂಜೆ 7ರೊಳಗೆ ಕರೆ ಮಾಡಿ, ಮೆಕ್ಯಾನಿಕ್ ಬರುವ ಸಮಯ ತಿಳಿಸುತ್ತೇವೆ.’

ಪೋಸ್ಟ್ ಹಾಕಿದ ಮಾತ್ರಕ್ಕೆ ಅಂಗಡಿ ಹುಡುಕಾಟದಲ್ಲಿ ಮೇಲೇರುತ್ತದೆಂಬ ಖಾತ್ರಿಯಿಲ್ಲ. ಹುಡುಕಿದ ಪದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರು ಮಾಡಿದೆ ಎಂಬುದನ್ನು ಗೂಗಲ್ ಮುಖ್ಯವಾಗಿ ನೋಡುತ್ತದೆ. ಪೋಸ್ಟ್‌ನಿಂದ ಲಾಭವಾಯಿತೇ ಎಂದು ತಿಳಿಯಲು ಕರೆ ಮಾಡಿದವರ ಮೊದಲ ಮಾತು ಕೇಳಿಸಿಕೊಳ್ಳಿ. ‘ರೇಟ್ ಎಷ್ಟು?’ ಎನ್ನುವ ಬದಲು ‘ನಾಳೆ ಬರ್ತೀರಾ?’ ಎಂದು ಕೇಳತೊಡಗಿದರೆ, ಬರೆದದ್ದು ಕೆಲಸ ಮಾಡಿದೆ.